ಒಂದು ಒತ್ತಿದವರು

ಹುಣಸೂರಿನ ಮುಜಫರ್‌ನದು ವಿಚಿತ್ರವಾದ ವ್ಯಾಪಾರ. ಅವನ ಅಬ್ಬ ಪೀರ್ ಸಾಬ್ ಮಂಚ, ಬಾಗಿಲು, ಕಿಟಕಿ ಮಾಡಿ ಮಾರುತ್ತಿದ್ದರು. ಅದೇ ಅಂಗಡಿಯ ಹಿಂದೆ, ಪಾಲಿಶ್ ವಾಸನೆ ಮೂಗಿಗೆ ಅಡರುವ ಕೋಣೆಯೊಂದರಲ್ಲಿ, ಎರಡು ಫೋನು ಒಂದು ಕಂಪ್ಯೂಟರು ಇಟ್ಟುಕೊಂಡು ಮುಜಫರ್ ಜನರನ್ನು ಇಂಟರ್‌ವ್ಯೂಗೆ ಕಳಿಸುತ್ತಿದ್ದ. ಊರಾಚೆ ಮೈಸೂರು ರಸ್ತೆಯಲ್ಲಿ ಹೊಸದಾಗಿ ಎದ್ದ ಗಾರ್ಮೆಂಟ್ ಫ್ಯಾಕ್ಟರಿಗೆ ಹೊಲಿಗೆಯವರು ಬೇಕಿತ್ತು. ಭೇರ್ಯದಿಂದ ಹ್ಯಾಂಡ್‌ಪೋಸ್ಟಿನವರೆಗಿನ ಹಳ್ಳಿಗಳನ್ನು ಸುತ್ತಿ ಹೆಸರು ಹಿಡಿದು ತರುವ ಕೆಲಸ ಅವನದು. ಹೆಸರುಗಳೇನೋ ಸಿಗುತ್ತಿದ್ದವು. ಹೆಸರಿನ ಹಿಂದೆ ಇರಬೇಕಾದ ಮನುಷ್ಯರು ಮಾತ್ರ ಬರುತ್ತಿರಲಿಲ್ಲ.

"ನಾನು ಮರ ಮಾರ್ತೀನಿ," ಎಂದು ಪೀರ್ ಸಾಬ್ ಗಿರಾಕಿಗಳಿಗೆ ಕೇಳುವ ಹಾಗೆಯೇ ಹೇಳುತ್ತಿದ್ದರು, "ತೇಗ ಅಂದ್ರೆ ತೇಗ ಬಂದು ಬಾಗಿಲಲ್ಲಿ ನಿಲ್ಲುತ್ತೆ. ನನ್ನ ಮಗ ಮಾರೋದು ಬರದೇ ಇರೋ ಜನಾನ. ಸ್ಟಾಕೇ ಇಲ್ಲದ ಅಂಗಡಿ ಇದೊಂದೇ ಇರೋದು ಹುಣಸೂರಲ್ಲಿ."

ಮುಜಫರ್ ನಗುತ್ತಿದ್ದ. ಮಾತು ಬಲ್ಲವನು, ಲೆಕ್ಕ ಬಲ್ಲವನು, ಎದುರಿಗೆ ನಿಂತವನ ಜೇಬಿನಲ್ಲಿ ಏನಿದೆಯೆಂದು ಅಂಗಿಯ ಮಡಿಕೆ ನೋಡಿಯೇ ಹೇಳಬಲ್ಲವನು. ಆದರೆ ಎದುರಿಗೆ ಬಂದು ನಿಲ್ಲದವನನ್ನು ಓದುವ ವಿದ್ಯೆ ಅವನಿಗೆ ಯಾರೂ ಕಲಿಸಿರಲಿಲ್ಲ.

ಕಾರ್ತಿಕದ ಕೊನೆಯಲ್ಲಿ ನಡೆದ ಇಂಟರ್‌ವ್ಯೂ ದಿನ ಆ ವಿದ್ಯೆಯ ಕೊರತೆ ಬಯಲಿಗೆ ಬಂತು. ಫ್ಯಾಕ್ಟರಿಯ ಊಟದ ಹಾಲ್‌ನಲ್ಲಿ ಸಾಲಾಗಿ ಕುರ್ಚಿ ಹಾಕಿಸಿ, ಪ್ರತಿ ಕುರ್ಚಿಯ ಬೆನ್ನಿಗೆ ಒಂದೊಂದು ಹೆಸರಿನ ಚೀಟಿ ಅಂಟಿಸಿದ್ದರು. ಬಂದವರು ಮುಂದಿನ ಒಂದು ಸಾಲನ್ನೂ ತುಂಬಲಿಲ್ಲ. ಮಿಕ್ಕ ಕುರ್ಚಿಗಳು ಚೀಟಿ ಹೊತ್ತುಕೊಂಡು ಸುಮ್ಮನೆ ಕೂತಿದ್ದವು. ಫ್ಯಾನ್ ಗಾಳಿಗೆ ಚೀಟಿಗಳು ಅಲುಗುವಾಗ ಯಾರೋ ಕೂತು ಉಸಿರಾಡುತ್ತಿದ್ದಾರೇನೋ ಎನಿಸುವಂತಿತ್ತು. ಎಚ್.ಆರ್. ಮೇಡಂ ಶಾಂಭವಿ ಒಂದೊಂದೇ ಹೆಸರು ಕರೆದರು. ರೂಢಿಯಂತೆ ಮೂರು ಸಲ ಕರೆದರು. ತಗಡಿನ ಸೂರು ಆ ಹೆಸರನ್ನು ಎತ್ತಿ ಹಿಂದಕ್ಕೆ ಹಾಕುತ್ತಿತ್ತು, ಅಷ್ಟೆ.

"ಮುಜಫರ್ ಅವರೇ," ಎಂದರು ಮೇಡಂ ಕೊನೆಗೆ, "ಈ ಕುರ್ಚಿಗಳನ್ನೇ ಇಂಟರ್‌ವ್ಯೂ ಮಾಡಿಬಿಡಲಾ? ಹೊಲಿಗೆ ಬರುತ್ತಾ ಇವಕ್ಕೆ?"

"ಎಲ್ಲರೂ ಬರ್ತೀನಿ ಅಂದಿದ್ರು ಮೇಡಂ."

"ಅದನ್ನೇ ನೀವು ಪ್ರತಿ ಸಲ ಹೇಳ್ತೀರಿ. ಲೈನ್ ನಿಲ್ಲಿಸಿ ಮೂರು ಜನ ಸೂಪರ್‌ವೈಸರ್‌ಗಳನ್ನು ಇಲ್ಲಿ ತಂದು ಕೂರಿಸಿದೀನಿ. ಮೆಷಿನ್ ಟೆಸ್ಟ್‌ಗೆ ಅಂತ ಮೆಷಿನ್ ಖಾಲಿ ಬಿಡಿಸಿದೀನಿ." ಅವರು ದನಿಯೇರಿಸಲಿಲ್ಲ, ಭಯ ಹುಟ್ಟಿಸಿದ್ದು ಅದೇ. "ಮುಂದಿನ ಬುಧವಾರ ಇನ್ನೊಂದು ಸಲ ನೋಡ್ತೀನಿ. ಆವತ್ತೂ ಹೀಗೇ ಆದರೆ ಪಿರಿಯಾಪಟ್ಟಣದ ಕಡೆಗೆ ಫ್ಯಾಕ್ಟರಿ ಬಸ್ ಬಿಡೋದಿಲ್ಲ, ನಿಮ್ಮ ಕೈಲಿ ಜನ ಕೇಳೋದೂ ಇಲ್ಲ. ನಂಜನಗೂಡಿನ ಕಡೆ ಬೇರೆ ಏಜೆಂಟರಿದ್ದಾರೆ."

ಮನೆಗೆ ಬಂದ ಮೇಲೂ ಆ ಹೆಸರುಗಳು ಕಿವಿ ಬಿಡಲಿಲ್ಲ. ಅನ್ನದ ಮುಂದೆ ಕೂತರೆ ಒಂದು ಹೆಸರು, ಮುಖ ತೊಳೆದರೆ ಇನ್ನೊಂದು. ಎಲ್ಲಕ್ಕಿಂತ ಹೆಚ್ಚಾಗಿ ಒಂದೇ ಹೆಸರು: ರಾಧಾ. ಬೆಟ್ಟದಪುರದ ಬೆಟ್ಟದ ತಪ್ಪಲಿನ ಹಳ್ಳಿಯವಳು. ಮುಂಗಾರಿನ ಹೊತ್ತಿಗೆ ನಡೆದ ಮೊದಲ ಇಂಟರ್‌ವ್ಯೂನಿಂದ ಹಿಡಿದು ಇಂದಿನವರೆಗೆ ಪ್ರತಿ ಪಟ್ಟಿಯಲ್ಲೂ ಅವಳಿದ್ದಳು. ಒಂದು ಸಲವೂ ಬಂದವಳಲ್ಲ. ಬರಲ್ಲ ಎಂದವಳೂ ಅಲ್ಲ.

ಮುಜಫರ್‌ನ ಹೆಂಡತಿ ಶಾಜಿಯಾ ಎದುರಿಗೆ ಕೂತು ಕೇಳಿದಳು: "ರೀ, ಬಂದವರನ್ನ ಯಾಕೆ ಬಂದ್ರಿ ಅಂತ ಮೇಡಂ ಕೇಳ್ತಾರೆ. ಬರದೇ ಇದ್ದವರನ್ನ ಯಾಕೆ ಬರಲಿಲ್ಲ ಅಂತ ಯಾರಾದ್ರೂ ಕೇಳಿದೀರಾ?"

ಕೇಳಿರಲಿಲ್ಲ. ಬರದ ಗಿರಾಕಿಯ ಹಿಂದೆ ಹೋದರೆ ಅಂಗಡಿಯ ಮರ್ಯಾದೆ ಹೋಗುತ್ತದೆ ಎಂಬುದು ಪೀರ್ ಸಾಬ್ ಮನೆಯ ಪಾಠ. ಶಾಜಿಯಾಗೆ ಆ ಮರ್ಯಾದೆ ಅಡ್ಡ ಬರಲಿಲ್ಲ. ಮರುದಿನ ಅವಳು ಹಳೆಯ ಪಟ್ಟಿ ಹಿಡಿದು, ಒಬ್ಬೊಬ್ಬರಿಗೂ ಫೋನ್ ಮಾಡಿ, ಬೈಯದೆ, ಸುಮ್ಮನೆ ಕೇಳಿದಳು.

ಕಾರಣಗಳು ಸಂತೆಯ ಹಾಗೆ ಬಂದವು. ಮುಜಫರ್ ಕಳಿಸುತ್ತಿದ್ದ ಇಂಗ್ಲಿಷ್ ಮೆಸೇಜನ್ನು ಅರ್ಧ ಜನ ಯಾವುದೋ ಬ್ಯಾಂಕಿನ ಮೋಸದ ಮೆಸೇಜ್ ಎಂದು ಅಳಿಸಿಹಾಕಿದ್ದರು. ಕೆಲವರ ನಂಬರು ಅವರದ್ದೇ ಅಲ್ಲ, ಅಣ್ಣನದೋ ಗಂಡನದೋ ಆಗಿತ್ತು. ಆತ ಅದನ್ನು ನೋಡಿ ಜೇಬಿಗಿಟ್ಟು ಹೊಗೆಸೊಪ್ಪಿನ ಹರಾಜಿಗೆ ಹೋಗಿದ್ದ. ಒಬ್ಬಳಿಗೆ ಕೂಸನ್ನು ಕರೆತರಬಹುದೋ ಇಲ್ಲವೋ ತಿಳಿಯಲಿಲ್ಲ. ಇನ್ನೊಬ್ಬಳು ಬಸ್ಸಿನಲ್ಲಿ ಬಂದು, ಎಲ್ಲಿ ಇಳಿಯಬೇಕೆಂದು ಗೊತ್ತಾಗದೆ ಊರೊಳಗೆ ಇಳಿದು, ಕೇಳಲು ನಾಚಿ, ವಾಪಸು ಹೋಗಿದ್ದಳು.

"ಆವತ್ತು ಅಮಾಸೆ ಕಣಕ್ಕ," ಎಂದಳು ಮತ್ತೊಬ್ಬಳು. "ಹೊಸ ಕೆಲಸಕ್ಕೆ ಅಮಾಸೆ ದಿನ ಯಾರಾದ್ರೂ ಹೊಸಲು ದಾಟ್ತಾರಾ?"

"ಹಂಗಾದ್ರೆ ಬರ್ತೀನಿ ಅಂತ ಯಾಕಮ್ಮ ಅಂದೆ?"

"ನೀವು ಅಷ್ಟು ಆಸೆಯಿಂದ ಕೇಳುದ್ರಿ. ಇಲ್ಲ ಅಂದ್ರೆ ನಿಮ್ಮ ಮನಸ್ಸಿಗೆ ನೋವಾಗಾಕಿಲ್ವಾ?"

ಶಾಜಿಯಾ ಫೋನ್ ಕೆಳಗಿಟ್ಟು ಗಂಡನ ಮುಖ ನೋಡಿದಳು. "ನಮ್ಮ ಮನಸ್ಸಿಗೆ ನೋವಾಗಬಾರದು ಅಂತ ನಮ್ಮ ವ್ಯಾಪಾರ ಮುಳುಗಿಸ್ತಾ ಇದಾರೆ. ಎಂಥಾ ಒಳ್ಳೆ ಜನ!"

ಹೀಗೆ ಆ ವಾರ ಇಬ್ಬರೂ ಕೂತು ಕಸುಬನ್ನು ಮೊದಲಿನಿಂದ ಕಲಿತರು. ಬುಧವಾರ ಅಮಾವಾಸ್ಯೆಯಲ್ಲ, ಪಿರಿಯಾಪಟ್ಟಣದಲ್ಲಿ ದೊಡ್ಡ ಹರಾಜೂ ಇಲ್ಲ ಎಂದು ಮೊದಲು ಖಾತ್ರಿ ಮಾಡಿಕೊಂಡರು. ಇಂಗ್ಲಿಷ್ ಮೆಸೇಜನ್ನು ಕಸದ ಬುಟ್ಟಿಗೆ ಹಾಕಿದರು. ಅದರ ಬದಲು ಶಾಜಿಯಾಳೇ ಫೋನ್ ಮಾಡಿ ಕನ್ನಡದಲ್ಲಿ ಹೇಳುವುದೆಂದಾಯಿತು: ಯಾವ ಬಸ್ಸು, ನೀರಿನ ಟ್ಯಾಂಕಿನ ಹತ್ತಿರ ಇಳಿಯಬೇಕು, ಗೇಟಿನಲ್ಲಿ ಯಾರ ಹೆಸರು ಹೇಳಬೇಕು, ಆಧಾರ್ ಒಂದು ಸಾಕು, ಅಂಕಪಟ್ಟಿ ಇಲ್ಲದಿದ್ದರೂ ಬನ್ನಿ, ಮೆಷಿನ್ ಮೇಲೆ ಒಂದು ಸಣ್ಣ ಹೊಲಿಗೆ ಹಾಕಿಸ್ತಾರೆ, ಊಟದ ಹೊತ್ತಿಗೆ ಬಿಡ್ತಾರೆ, ಕೂಸಿದ್ದರೆ ಜೊತೆಗೊಬ್ಬರನ್ನು ಕರೆತನ್ನಿ, ಅವರಿಗೂ ಕೂರಲು ಜಾಗವಿದೆ. ಮನೆಯಲ್ಲಿ ಕಳಿಸುವವರು ಯಾರೋ ಅವರ ಹತ್ತಿರವೂ ಒಂದು ಮಾತು. ಕೊನೆಗೆ, ಹೇಳಲು ಶಾಜಿಯಾಗೇ ಕಷ್ಟವಾದ ಮಾತು: "ಬರಕ್ಕಾಗಲ್ಲ ಅಂದ್ರೆ ಈಗಲೇ ಹೇಳಿಬಿಡಿ. ನನಗೆ ಬೇಜಾರಿಲ್ಲ. ಆ ಜಾಗ ಕಾಯ್ತಾ ಇರೋ ಇನ್ನೊಬ್ಬರಿಗೆ ಹೋಗುತ್ತೆ, ನಿಮಗೆ ಮುಂದಿನ ತಿಂಗಳು ಮತ್ತೆ ಕರೀತೀನಿ."

ಹಾಗೆ ಹೇಳಿದ ಮೇಲೆ ಸುಮಾರು ಜನ ಹಗುರಾಗಿ ಇಲ್ಲ ಎಂದರು. ಎಷ್ಟೋ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಉಗುಳಿದ ಹಾಗೆ.

ಖಾಲಿಯಾದ ಜಾಗಕ್ಕೆ ಕಾಯುವವರ ಪಟ್ಟಿ ಬಂತು. ಅವರಿಗೂ ಸುಳ್ಳು ಹೇಳಲಿಲ್ಲ. "ನೀವು ಕಾಯೋ ಸಾಲಲ್ಲಿದೀರಿ. ಜಾಗ ಆದ್ರೆ ಮಂಗಳವಾರ ಸಂಜೆ ಒಳಗೆ ಹೇಳ್ತೀನಿ, ಹೇಳದೇ ಇದ್ರೆ ಬಸ್ ಹತ್ತಬೇಡಿ." ಆ ಸಾಲಿನಲ್ಲಿ ಕೊನೆಗೆ ಉಳಿದವಳು ವಾಣಿಶ್ರೀ. ಅವಳೂ ರಾಧಾಳ ಊರಿನವಳೇ. ಹೊಲಿಗೆ ಚೆನ್ನಾಗಿ ಬರುತ್ತಿತ್ತು, ಸಂಕೋಚವಿಲ್ಲದೆ ದಿನಕ್ಕೊಂದು ಸಲ ಫೋನ್ ಮಾಡುತ್ತಿದ್ದಳು.

"ಅಕ್ಕ, ಯಾರಾದ್ರೂ ಬರಾಕಿಲ್ಲ ಅಂದ್ರಾ?"

"ಇನ್ನೂ ಇಲ್ಲ ಕಣಮ್ಮ."

"ಯಾರ್ಗಾರ ಜ್ವರ ಗಿರ ಬಂದ್ರೆ ಮೊದ್ಲು ನಂಗೆ ಯೋಳಿ," ಎಂದಳು ಒಂದು ಸಲ. ಆಮೇಲೆ ಏನೋ ನೆನಪಾದಂತೆ ತಟ್ಟನೆ ಫೋನಿಟ್ಟಳು.

ನೆನಪಿಸುವ ಕರೆಯೊಂದು ಮಾತ್ರ ಹಳೆಯದೇ ಉಳಿಯಿತು. ಇಂಟರ್‌ವ್ಯೂಗೆ ಎರಡು ದಿನ ಮುಂಚೆ ಕಂಪ್ಯೂಟರು ತಾನೇ ಎಲ್ಲರಿಗೂ ಫೋನ್ ಮಾಡುತ್ತಿತ್ತು. ಅದರೊಳಗೆ ಶಾಜಿಯಾಳದೇ ದನಿ: "ಬರ್ತೀರಾದ್ರೆ ಒಂದು ಒತ್ತಿ. ಬರಕ್ಕಾಗಲ್ಲ ಅಂದ್ರೆ ಎರಡು ಒತ್ತಿ." ಮೊದಲಿಗೆ ಬರುವ ಹೆಸರನ್ನು ಮಾತ್ರ ಯಂತ್ರ ತನ್ನ ದನಿಯಲ್ಲಿ, ಗಂಟಲಿಗೆ ತಗಡು ಕಟ್ಟಿದಂತೆ, ಸೇರಿಸಿ ಹೇಳುತ್ತಿತ್ತು.

ಸೋಮವಾರ ಕರೆ ಹೋಯಿತು. ಉತ್ತರಗಳಲ್ಲಿ ಎಲ್ಲರಿಗಿಂತ ಮೊದಲು ಬಂದದ್ದು ರಾಧಾಳದು. ಒಂದು.

"ಇವಳೇ ಮತ್ತೆ," ಎಂದ ಮುಜಫರ್. "ಮೊದಲು ಒತ್ತೋಳೂ ಇವಳೇ, ಬರದೇ ಇರೋಳೂ ಇವಳೇ. ನಿನ್ನ ಹೊಸ ವಿದ್ಯೆಯಲ್ಲಿ ಇದಕ್ಕೆ ಏನ್ ಹೇಳ್ತೀಯ?"

ಶಾಜಿಯಾ ಮೆಲ್ಲಗೆ ಹೇಳಿದಳು: "ನಾನು ಆ ನಂಬರಿಗೆ ಮೂರು ದಿನದಿಂದ ಮಾಡ್ತಾ ಇದೀನಿ. ಎತ್ತುತಾರೆ. ಮಾತಾಡಲ್ಲ."

"ಸಿಗ್ನಲ್ ಇರಲ್ಲ ಬೆಟ್ಟದ ಕೆಳಗೆ."

"ಸಿಗ್ನಲ್ ಇದೆ. ಉಸಿರು ಕೇಳಿಸುತ್ತೆ. ಹಲೋ ಹಲೋ ಅಂತೀನಿ. ಕಾಯ್ತಾ ಇದಾರೆ ಅನ್ಸುತ್ತೆ, ನಾನು ಏನೋ ಹೇಳಲಿ ಅಂತ. ನಾನು ಬೇರೆ ಏನೋ ಹೇಳ್ತೀನಿ, ಕಟ್ ಆಗುತ್ತೆ." ಅವಳು ಸೆರಗನ್ನು ಮೊಣಕೈವರೆಗೆ ಎಳೆದುಕೊಂಡಳು. "ಯಂತ್ರ ಮಾಡಿದ್ರೆ ಮಾತ್ರ ಪೂರ್ತಿ ಕೇಳ್ತಾರೆ. ನೋಡಿ, ಇಲ್ಲಿ ತೋರಿಸುತ್ತೆ. ಒಂದು ಒತ್ತಿದ ಮೇಲೂ ಇಟ್ಟಿಲ್ಲ, ಕರೆ ತಾನೇ ಮುಗಿಯೋವರೆಗೂ ಕೇಳಿದಾರೆ."

ಮುಜಫರ್ ನಗಲು ನೋಡಿದ. ನಗು ಬರಲಿಲ್ಲ.

ಮೇಡಂ ಗೇಟಿನ ಪಟ್ಟಿಯನ್ನು ಮಂಗಳವಾರ ಸಂಜೆ ಮುಚ್ಚುವವರಿದ್ದರು. ಅದರಲ್ಲಿ ಹೆಸರಿಲ್ಲದವರನ್ನು ಗಾರ್ಡ್ ಒಳಗೆ ಬಿಡುವಂತಿಲ್ಲ. ರಾಧಾಳ ಹೆಸರು ಇದ್ದರೆ ವಾಣಿಶ್ರೀಗೆ ಜಾಗವಿಲ್ಲ. ರಾಧಾ ಬರದೆ ಹೋದರೆ ಮತ್ತೊಂದು ಕುರ್ಚಿ ಚೀಟಿ ಹೊತ್ತು ಕೂರುತ್ತದೆ. ಒಂದು ಕುರ್ಚಿಗೆ ಯಾರ ಮನೆಯೂ ಮುಳುಗುವುದಿಲ್ಲ ಎಂದು ಅವನ ವ್ಯಾಪಾರಿ ಬುದ್ಧಿ ಹೇಳಿತು. ಆದರೆ ಖಾಲಿ ಕುರ್ಚಿಗಳನ್ನು ಕಾದು ಅವನು ಈಗಾಗಲೇ ಸೋತಿದ್ದ. ಮಂಗಳವಾರ ಮಧ್ಯಾಹ್ನ ಸ್ಕೂಟರ್ ಹತ್ತಿ ಬೆಟ್ಟದಪುರದ ದಾರಿ ಹಿಡಿದ.

ಹಳ್ಳಿಯಲ್ಲಿ ಹೊಗೆಸೊಪ್ಪು ಬೇಯಿಸಿ ಮುಗಿದಿತ್ತು. ಜಗಲಿಗಳ ಮೇಲೆ ಕೂತು ಹೆಂಗಸರು ಒಣಗಿದ ಎಲೆಗಳನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಿದ್ದರು. ಗಾಳಿಗೆಲ್ಲ ಸಿಹಿಯಾದ ಘಾಟು. ಮೇಲೆ ಬೆಟ್ಟ ಬಗ್ಗಿ ನೋಡುವಂತೆ ನಿಂತಿತ್ತು.

"ರಾಧಾ ಅಂತ... ಮನೆ ಯಾವುದಮ್ಮ?"

ಎಲೆ ಬಿಡಿಸುತ್ತಿದ್ದ ಕೈಗಳು ನಿಂತವು. ಒಬ್ಬಾಕೆ ಮುಖವೆತ್ತದೆ, ಬೀದಿಯ ಕೊನೆಯ ಕಡೆ ಗಲ್ಲ ಅಲುಗಿಸಿದಳು. ಆಮೇಲೆ ಎಲ್ಲರೂ ಮೊದಲಿಗಿಂತ ಜೋರಾಗಿ ಎಲೆ ಬಿಡಿಸತೊಡಗಿದರು. ಊರಿಗೆ ಹೊಸಬನಾದ ವ್ಯಾಪಾರಿಯನ್ನು ಇಷ್ಟು ಬೇಗ ಕಳಿಸಿಕೊಟ್ಟದ್ದನ್ನು ಮುಜಫರ್ ಎಲ್ಲೂ ಕಂಡಿರಲಿಲ್ಲ.

ಬೀದಿಯ ಕೊನೆಯ ಮನೆಯ ಅಂಗಳದಲ್ಲಿ ಒಬ್ಬ ಮುದುಕ ಕೂತಿದ್ದ. ರಾಧಾಳ ಅಪ್ಪ ಹುಚ್ಚಯ್ಯ. ಪಕ್ಕದಲ್ಲಿ ಕಲ್ಲಿನ ಮೇಲೆ ಒಂದು ಸಣ್ಣ ಬಟನ್ ಫೋನು, ಅದರ ಕೆಳಗೆ ಮಡಿಸಿದ ಶುಭ್ರ ಬಟ್ಟೆ.

"ಯಜಮಾನ್ರೇ, ನಾನು ಹುಣಸೂರಿಂದ. ಫ್ಯಾಕ್ಟರಿ ಇಂಟರ್‌ವ್ಯೂಗೆ ಫೋನ್ ಮಾಡೋನು."

ಮುದುಕನ ಮುಖ ಬೆಳಗಿತು. "ಓ, ನೀವಾ! ಬನ್ನಿ ಸಾಬ್ರೇ, ಕುಂತ್ಕಳಿ. ಆ ಹೆಣ್ಮಗಳು ನಿಮ್ಮೋರಾ? ಚೆನ್ನಾಗಿ ಮಾತಾಡ್ತಾರೆ."

"ನನ್ನ ಹೆಂಡ್ತಿ. ನಿಮ್ಮ ಮಗಳನ್ನ ನೋಡಿ, ಒಂದು ಮಾತು ಕೇಳಿ ಹೋಗೋಣ ಅಂತ ಬಂದೆ."

"ಕುಂತ್ಕಳಿ," ಎಂದ ಹುಚ್ಚಯ್ಯ ಮತ್ತೆ. ಮಗಳು ಎಲ್ಲಿದ್ದಾಳೆ, ಯಾವಾಗ ಬರುತ್ತಾಳೆ ಎಂದು ಹೇಳಲಿಲ್ಲ. ಮುಜಫರ್ ಕೂತ. ಒಳಗೆ ನಡುಮನೆಯಲ್ಲಿ ಹೊಲಿಗೆ ಮೆಷಿನ್ ಒಂದು ಕಾಣುತ್ತಿತ್ತು. ಸೂಜಿಯ ಕೆಳಗೆ ಅರ್ಧ ಹೊಲಿದ ರವಿಕೆ ಹಾಗೇ ಇತ್ತು. ಎದ್ದು ಹೋದವಳು ನೀರು ಕುಡಿದು ಬರುತ್ತಾಳೆ ಎಂಬಂತೆ ಕುರ್ಚಿ ಓರೆಯಾಗಿತ್ತು. ರವಿಕೆಯ ಮೇಲೆ ಧೂಳು ಬಿದ್ದಿತ್ತು. ಲೋಹದ ಭಾಗವನ್ನು ಮಾತ್ರ ಯಾರೋ ಒರೆಸಿ ಎಣ್ಣೆ ಹಾಕಿದ್ದರು.

ಹುಚ್ಚಯ್ಯನ ತಂಗಿ ದೇವೀರಮ್ಮ ಟೀ ತಂದಳು. ಲೋಟ ಕೊಡುವ ನೆಪದಲ್ಲಿ ಮುಜಫರ್‌ನನ್ನು ಕೊಟ್ಟಿಗೆಯ ಕಡೆಗೆ ಕರೆದಳು.

"ನೀವೇನಾ ಸಾಬ್ರೇ, ಹೆಸರಿಡ್ದು ಕೂಗ್ಸೋರು?"

"ಏನಮ್ಮ?"

"ನಮ್ಮ ಹುಡ್ಗಿ ಮುಂಗಾರು ಹಿಡಿಯೋ ಹೊತ್ಗೆ ಜ್ವರ ಬಂದು ಹೋಗ್ಬುಟ್ಲು. ನಿಮ್ಮ ಮೊದಲ್ನೇ ಇಂಟ್ರುವ್ಯೂಗೆ ಹೊಸ ಸೀರೆ ಎತ್ತಿಟ್ಕಂಡಿದ್ಲು." ಅವಳು ಬೀದಿಯ ಕಡೆ ನೋಡಿ ದನಿ ತಗ್ಗಿಸಿದಳು. "ವಯಸ್ಸಿನ ಹುಡ್ಗಿ ಹಿಂಗೆ ಹೋದ್ರೆ ಒಂದು ವರ್ಷ ಆಗೋಗಂಟ ಆ ಹೆಸರ ಮನೇಲಿ ಯಾರೂ ಎತ್ತಾಕಿಲ್ಲ. ಎತ್ತುದ್ರೆ ಕರೆದಂಗಾಯ್ತದೆ, ಬಂದ್ಬುಡ್ತದೆ ಅಂತಾರೆ. ಬೀದಿನೋರೂ ಎತ್ತಾಕಿಲ್ಲ. ನಿಮ್ಮ ಫೋನು ಒಂದೇ ಕೂಗಾದು. ಅದು ಬಂದ ದಿನ ನಮ್ಮಣ್ಣ ಹೊಟ್ಟೆ ತುಂಬ ಉಣ್ಣುತಾನೆ. ನಂಗೆ ರಾತ್ರಿಯೆಲ್ಲ ನಿದ್ದೆ ಬರಾಕಿಲ್ಲ. ಯಾವಾಗ ಬಾಗ್ಲು ತಟ್ತದೋ ಅಂತ."

ಮುಜಫರ್ ಟೀ ಲೋಟವನ್ನು ಕೊಟ್ಟಿಗೆಯ ಗೋಡೆಯ ಮೇಲಿಟ್ಟ. ಮನುಷ್ಯರ ಸೋಮಾರಿತನ, ಮರೆವು, ಸುಳ್ಳು, ನಾಚಿಕೆ ಎಲ್ಲಕ್ಕೂ ಈ ವಾರ ಅವನು ಒಂದೊಂದು ಮದ್ದು ಕಂಡುಕೊಂಡಿದ್ದ. ಇದಕ್ಕೆ ಯಾವ ಬಟನ್ನೂ ಇಟ್ಟಿರಲಿಲ್ಲ. ತನ್ನ ಯಂತ್ರ ತಿಂಗಳುಗಟ್ಟಲೆ ಈ ಅಂಗಳಕ್ಕೆ ಬಂದು, ಊರೇ ಬಾಯಿ ಮುಚ್ಚಿಕೊಂಡಿದ್ದ ಹೆಸರನ್ನು ತಗಡಿನ ಗಂಟಲಲ್ಲಿ ಕೂಗಿ ಹೋಗಿದೆ. ಬೆನ್ನ ಮೇಲೆ ಏನೋ ಹರಿದಂತಾಯಿತು. ತಿರುಗಿ ನೋಡಿದರೆ ಕೊಟ್ಟಿಗೆಯ ಹಸು.

ಅಂಗಳಕ್ಕೆ ವಾಪಸು ಬಂದ. ಹುಚ್ಚಯ್ಯನಿಗೆ ಎಲ್ಲ ಗೊತ್ತಾಗಿತ್ತು.

"ಯೋಳುದ್ಲಾ? ಯೋಳ್ತಾಳೆ ಬುಡಿ, ಅವಳ ಬಾಯಿ ನಿಲ್ಲಾಕಿಲ್ಲ."

"ಯಜಮಾನ್ರೇ, ನನಗೆ ಗೊತ್ತಿರಲಿಲ್ಲ. ಗೊತ್ತಿದ್ರೆ..."

"ಗೊತ್ತಿದ್ರೆ ಕೂಗ್ತಿರ್ಲಿಲ್ಲ. ಅದ್ಕೇ ಯೋಳ್ಲಿಲ್ಲ." ಮುದುಕ ಫೋನನ್ನು ಎತ್ತಿ ಬಟ್ಟೆಯಿಂದ ಒರೆಸಿದ. "ಮೊದಲ್ನೇ ಸಲ ಬಂದಾಗ ಎರಡು ಒತ್ತಾನ ಅಂತಲೇ ಬೆರಳಿಟ್ಟೆ ಸಾಬ್ರೇ. ದೇವ್ರಾಣೆ. ಆದ್ರೆ ನೀವೇ ಯೋಳಿ, ಎರಡು ಒತ್ತುದ್ರೆ ನಾನೇ ಕೈಯಾರ ಬರಾಕಿಲ್ಲ ಅಂದಂಗಾಯ್ತದಲ್ವಾ? ಯಾವ ಅಪ್ಪ ಒತ್ತಾನು? ಒಂದು ಒತ್ತುದ್ರೆ ಇನ್ನೊಂದು ತಿಂಗಳಿಗೆ ಮತ್ತೆ ಕೂಗ್ತದೆ."

ಸುಳ್ಳು ಹೇಳಿ ತನ್ನ ಪಟ್ಟಿ ಕೆಡಿಸಿದವನನ್ನು ಮುಜಫರ್ ಎಷ್ಟೋ ಸಲ ಮನಸ್ಸಿನಲ್ಲೇ ಬೈದಿದ್ದ. ಬೈಗುಳ ಇತ್ತು, ಬೈಯಬೇಕಾದ ಮನುಷ್ಯನೇ ಅಲ್ಲಿರಲಿಲ್ಲ. ಈ ಹೆಸರನ್ನು ಆಫೀಸಿನಲ್ಲಿ ಕೂತು ಒಂದು ಬೆರಳಲ್ಲಿ ತೆಗೆದುಹಾಕಬಹುದು, ಯಾರ ಅಪ್ಪಣೆಯೂ ಬೇಕಿಲ್ಲ ಎಂಬುದು ಆಗ ಅವನಿಗೆ ಹೊಳೆಯಿತು. ಎದ್ದು ಹೊರಡಬೇಕು ಎನ್ನುವಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಂಡಿತು. ಶಾಂಭವಿ ಮೇಡಂ.

"ಮುಜಫರ್ ಅವರೇ, ಗೇಟ್ ಪಟ್ಟಿ ಮುಚ್ತಾ ಇದೀನಿ. ಎಲ್ಲರ ಹತ್ತಿರವೂ ಮಾತಾಡಿದೀವಿ ಅಂತ ನಿಮ್ಮ ಮನೆಯವರು ಬರೆದಿದಾರೆ, ಒಬ್ಬರನ್ನ ಬಿಟ್ಟು. ರಾಧಾ. ಯಂತ್ರದಲ್ಲಿ ಒಂದು ಅಂತ ಬಂದಿದೆ, ಮಾತಾಡಿಲ್ಲ ಅಂತಲೂ ಇದೆ. ಯಾವುದು ನಂಬಲಿ?"

ಹಳ್ಳಿಯ ಮೌನದಲ್ಲಿ ಮೇಡಂ ದನಿ ಅಂಗಳವಿಡೀ ಕೇಳುತ್ತಿತ್ತು. ಹೆಸರು ಬಂದ ಕೂಡಲೇ ಕೊಟ್ಟಿಗೆಯ ಬಾಗಿಲಲ್ಲಿ ದೇವೀರಮ್ಮ ಸೆರಗು ಬಾಯಿಗಿಟ್ಟುಕೊಂಡಳು.

"ಮೇಡಂ, ಅದು... ಅವರು..."

"ಸುತ್ತಿ ಬಳಸಬೇಡಿ. ಬರ್ತಾರಾ, ಇಲ್ವಾ? ಕಾಯ್ತಾ ಇರೋ ಹುಡುಗಿ ಹೆಸರು ಹಾಕ್ಬೇಕಾದ್ರೆ ಈಗಲೇ ಹಾಕ್ಬೇಕು. ಒಂದೇ ಮಾತು."

ಒಂದೇ ಮಾತು. ಬಾಯಲ್ಲೇ ಇತ್ತು. ವಾರವಿಡೀ ಜನರಿಗೆ "ಇಲ್ಲ ಅನ್ನಿ, ಬೇಜಾರಿಲ್ಲ" ಎಂದು ಹೇಳಿಸಿದವನು ಅವನೇ. ಈಗ ಅಪ್ಪನ ಎದುರಿಗೆ ನಿಂತು ಆ ಎರಡಕ್ಷರ ಅವನ ನಾಲಿಗೆಯಿಂದ ಹೊರಡಲಿಲ್ಲ.

"ಯಾರದು?" ಎಂದ ಹುಚ್ಚಯ್ಯ.

"ಫ್ಯಾಕ್ಟರಿ ಮೇಡಂ."

"ಇಲ್ಲಿ ಯಾರೋ ಜಾಗಕ್ಕೆ ಕಾಯ್ತಾ ಅವ್ರಾ?"

ಮುಜಫರ್ ಮುಚ್ಚಿಡಲು ಹೋಗಲಿಲ್ಲ. "ನಿಮ್ಮ ಊರಿನ ವಾಣಿಶ್ರೀ."

"ಕಾಳಪ್ಪನ ಮಗಳು." ಮುದುಕ ಬೆಟ್ಟದ ಕಡೆ ನೋಡಿದ. "ಇಬ್ರೂ ಒಟ್ಗೇ ಹೊಲಿಗೆ ಕಲ್ತವು. ನಾನು ಒಂದು ಒತ್ಕಂಡು ಕುಂತಿದ್ರೆ ಆ ಮಗು ದಾರಿ ನೋಡ್ಕಂಡು ಕುಂತಿರ್ತದೆ. ಕೊಡಿ ಇಲ್ಲಿ."

ಫೋನನ್ನು ತಲೆಕೆಳಗಾಗಿ ಹಿಡಿದ. ಮುಜಫರ್ ಸರಿಮಾಡಿ ಕೊಟ್ಟ.

"ಅವ್ವ," ಎಂದ ಹುಚ್ಚಯ್ಯ, ದೂರದಲ್ಲಿರುವವರಿಗೆ ಕೂಗಿ ಹೇಳುವಂತೆ. "ನಾನು ಅವಳಪ್ಪ. ರಾಧಾ ಬರಾಕಿಲ್ಲ ಕಣವ್ವ." ಉಸಿರು ತೆಗೆದುಕೊಂಡ. "ನಮ್ಮ ರಾಧಾ ಇನ್ನು ಬರಾಕಿಲ್ಲ. ಆ ಜಾಗಕ್ಕೆ ವಾಣಿನ ಹಾಕಳಿ."

"ಆಯ್ತು ಯಜಮಾನ್ರೇ," ಎಂದು ಮೇಡಂ ಮೆಲ್ಲಗೆ ಹೇಳಿ ಫೋನಿಟ್ಟರು. ಏನು ಅರ್ಥವಾಯಿತೋ, ಕಾರಣ ಕೇಳಲಿಲ್ಲ.

ಬೀದಿಯಲ್ಲಿ ಎಲೆ ಬಿಡಿಸುವ ಸದ್ದು ನಿಂತುಹೋಗಿತ್ತು. ಹೆಸರು ಎತ್ತಿದ್ದು ಎಲ್ಲರಿಗೂ ಕೇಳಿತ್ತು. ದೇವೀರಮ್ಮ ಬೀದಿ ಬಾಗಿಲನ್ನೇ ನೋಡುತ್ತಿದ್ದಳು. ಮುಜಫರ್ ಕೂಡ, ತನಗೇ ನಾಚಿಕೆಯಾಗುವಂತೆ, ಅತ್ತಲೇ ನೋಡಿದ. ಯಾರೂ ಬರಲಿಲ್ಲ. ಬೆಟ್ಟದ ನೆರಳು ಮಾತ್ರ ಇಳಿದು ಬಂದು ಅಂಗಳದ ಅರ್ಧ ಹಿಡಿಯಿತು.

ಬುಧವಾರ ಬೆಳಿಗ್ಗೆ ಫ್ಯಾಕ್ಟರಿ ಗೇಟಿನ ಮುಂದೆ ಬಸ್ಸುಗಳು ಜನರನ್ನು ಇಳಿಸಿದವು. ಹೊರಟಿದ್ದೀರಾ ಎಂದು ಶಾಜಿಯಾ ಬೆಳಿಗ್ಗೆಯೇ ಎಲ್ಲರನ್ನೂ ಕೇಳಿದ್ದಳು. ಕೆ.ಆರ್. ನಗರದ ಕಡೆಯ ಒಬ್ಬಳ ಕೂಸಿಗೆ ಹುಷಾರಿಲ್ಲ ಎಂದಾಗ ಮೇಡಂಗೆ ಹೇಳಿ ಊಟದ ನಂತರದ ಹೊತ್ತಿಗೆ ಅವಳನ್ನು ಹಾಕಿಸಿದ್ದಳು. ಹಾಲ್‌ನ ಕುರ್ಚಿಗಳು ತುಂಬುತ್ತಾ ಬಂದವು. ಜೊತೆಗೆ ಬಂದ ಅತ್ತೆಯರು ಗೋಡೆಯ ಕಡೆ ಬೆಂಚಿನಲ್ಲಿ ಕೂತು ಸೊಸೆಯರ ಪರವಾಗಿ ಇಡೀ ಫ್ಯಾಕ್ಟರಿಯನ್ನು ಇಂಟರ್‌ವ್ಯೂ ಮಾಡುತ್ತಿದ್ದರು. "ಬಾತ್‌ರೂಮು ಎಷ್ಟವೆ? ನೀರು ಬತ್ತದಾ?"

ಶಾಂಭವಿ ಮೇಡಂ ಸಾಲುಗಳ ಮೇಲೆ ಕಣ್ಣಾಡಿಸಿ ಮುಜಫರ್ ಹತ್ತಿರ ಬಂದರು. "ಏನ್ ಮಂತ್ರ ಹಾಕಿದ್ರಿ?"

"ಮಂತ್ರ ಇಲ್ಲ ಮೇಡಂ. ಇಲ್ಲ ಅನ್ನೋದಕ್ಕೆ ದಾರಿ ಮಾಡಿಕೊಟ್ವಿ, ಅಷ್ಟೆ."

"ಪಿರಿಯಾಪಟ್ಟಣದ ಬಸ್ಸಿಗೆ ಇವತ್ತೇ ಬರೀತೀನಿ. ಜನಾನ ನಿಮ್ಮ ಕೈಲೇ ಕೇಳ್ತೀವಿ," ಎಂದರು. ಆಮೇಲೆ ಹುಬ್ಬು ಗಂಟಿಕ್ಕಿದರು. "ಆದರೆ ಆ ಹುಡುಗಿ ಯಾಕೆ ನಿಂತಿದಾಳೆ?"

ಮೂರನೇ ಸಾಲಿನ ಅಂಚಿನಲ್ಲಿ ವಾಣಿಶ್ರೀ ನಿಂತಿದ್ದಳು. ಚೀಟಿ ಬದಲಾಯಿಸಿ ಅವಳ ಹೆಸರೇ ಬರೆದಿದ್ದರು, ಆದರೂ ಕೂತಿರಲಿಲ್ಲ. ಮುಜಫರ್ ಹೋಗಿ ಕೇಳಿದ.

"ಕೂತ್ಕೊಳ್ಳಮ್ಮ. ನಿನ್ನದೇ ಜಾಗ."

"ಇರ್ಲಿ ಬುಡಿ ಸಾಬ್ರೇ, ನಿಂತ್ಕತೀನಿ. ನನ್ನ ಸರದಿ ಬಂದ್ರೆ ಹೋಗ್ತೀನಿ." ಅವಳು ಕುರ್ಚಿಯಿಂದ ಒಂದು ಮೊಳ ದೂರವೇ ಇದ್ದಳು. ಯಾರೋ ಕೂತಿದ್ದರೆ ಮೈ ತಾಗದಂತೆ ಎಷ್ಟು ದೂರ ನಿಲ್ಲುತ್ತಾರೋ ಅಷ್ಟು. "ನೆನ್ನೆ ಊರಲ್ಲಿ ಅವಳ ಹೆಸರ ಕೂಗವ್ರೆ. ಬಸ್ಸಲ್ಲೂ ನನ್ನ ಪಕ್ಕ ಯಾರೂ ಕೂರ್ಲಿಲ್ಲ."

ಅವಳ ಸರದಿ ಬಂತು. ಒಳಗೆ ಹೋಗಿ ಮೆಷಿನ್ ಮುಂದೆ ಕೂತವಳು ತಲೆ ಎತ್ತಲೇ ಇಲ್ಲ. ಹೊಲಿಗೆ ದಾರ ಹಿಡಿದು ಎಳೆದ ಗೆರೆಯ ಹಾಗೆ ಹೋಯಿತು. ಸೂಪರ್‌ವೈಸರ್ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದ.

ಮುಜಫರ್ ಬೆವರು ಒರೆಸಿಕೊಂಡು ಗೇಟಿನ ಕಡೆ ಬಂದ. ಅಲ್ಲಿ ಗಾರ್ಡ್ ಯಾರ ಜೊತೆಗೋ ವಾದಿಸುತ್ತಿದ್ದ.

"ಪಟ್ಟಿಲಿ ಹೆಸರಿಲ್ಲ ಅಂದ್ನಲ್ಲ ಯಜಮಾನ್ರೇ. ಯಾರ ಕಡೆಯೋರು ನೀವು?"

ಒಗೆದ ಪಂಚೆ, ಇಸ್ತ್ರಿ ಕಾಣದ ಬಿಳಿ ಅಂಗಿ ಹಾಕಿಕೊಂಡು ಹುಚ್ಚಯ್ಯ ನಿಂತಿದ್ದ.

"ನನಗೆ ಗೊತ್ತಿರೋರು, ಬಿಡಪ್ಪ," ಎಂದ ಮುಜಫರ್. "ವಾಣಿಶ್ರೀ ಜೊತೆಗೆ ಬಂದ್ರಾ ಯಜಮಾನ್ರೇ?"

"ಅದೇ ಬಸ್ಸು. ಆದ್ರೆ ಅವಳ ಜೊತೆಗಲ್ಲ." ಮುದುಕ ಸ್ವಲ್ಪ ಸಂಕೋಚದಿಂದ ಹೇಳಿದ. "ಇಷ್ಟು ಸಲ ಒಂದು ಒತ್ತಿದ್ದೆ. ಬತ್ತೀನಿ ಅಂತ ಅಷ್ಟು ಸಲ ಮಾತು ಕೊಟ್ಟಂಗಾಯ್ತಲ್ಲ. ಮನೆಯಿಂದ ಒಬ್ರಾದ್ರೂ ಬರ್ಬೇಕಲ್ವಾ?" ಆಮೇಲೆ ಗಾರ್ಡ್‌ಗೆ ಕೇಳದಂತೆ ಹತ್ತಿರ ಬಂದ. "ಎಲ್ಲಿ ಕುಂತ್ಕತಿದ್ಲು ಸಾಬ್ರೇ?"

ಮುಜಫರ್ ಅವನನ್ನು ಹಾಲ್‌ನ ಕಿಟಕಿಯ ತನಕ ಕರೆದೊಯ್ದ. ಒಳಗೆ ತುಂಬಿದ ಸಾಲುಗಳು, ಗುಜುಗುಜು ಮಾತು, ಬಳೆಗಳ ಸದ್ದು. ಮೂರನೇ ಸಾಲಿನ ಅಂಚಿನಲ್ಲಿ ಒಂದೇ ಒಂದು ಖಾಲಿ ಕುರ್ಚಿ. ಪಕ್ಕದ ಹುಡುಗಿಯರು ಕಾರಣ ತಿಳಿಯದೆಯೇ ತಮ್ಮ ಕುರ್ಚಿಗಳನ್ನು ಅದರಿಂದ ಒಂದಿಷ್ಟು ಆಚೆ ಎಳೆದುಕೊಂಡಿದ್ದರು.

"ಅದು," ಎಂದ ಮುಜಫರ್.

ಹುಚ್ಚಯ್ಯ ಕಿಟಕಿಯ ಸರಳು ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಅವನ ಕಣ್ಣು ಒಂದು ಸಲ ಕುರ್ಚಿಯ ಕಾಲಿನಿಂದ ಮೇಲಕ್ಕೆ ಹೋಗಿ, ಕೂತವಳ ತಲೆ ಎಲ್ಲಿಗೆ ಬರುತ್ತಿತ್ತೋ ಅಲ್ಲಿ ನಿಂತಿತು.

"ಫ್ಯಾನ್ ಕೆಳಗೇ ಅದೆ," ಎಂದ ಕೊನೆಗೆ. "ಸೆಕೆ ಆಗ್ತಿರ್ಲಿಲ್ಲ."

ಆಮೇಲೆ ಸರಳು ಬಿಟ್ಟು, ಬೆಟ್ಟದಪುರದ ಕಡೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದ. ಮುಜಫರ್ ನೀರಿನ ಟ್ಯಾಂಕನ್ನು ತೋರಿಸಿದ, ಯಾವ ಕಡೆ ದಾಟಬೇಕೆಂದು ಹೇಳಿದ. ಸಾಲದೆಂದು ತಾನೇ ಜೊತೆಗೆ ಹೋಗಿ ನಿಂತ. ಬಸ್ಸು ಬಂದಾಗ ಮುದುಕ ಹತ್ತಿ, ಕಿಟಕಿಯ ಪಕ್ಕದ ಸೀಟು ಖಾಲಿ ಬಿಟ್ಟು ಅಂಚಿಗೆ ಕೂತ.